ಉತ್ತರ ಒಂದನ್ನು ದಾಟಿದಾಗ: ಸಮಿತಿ ಲೆಕ್ಕದ ದೋಷ ನಿವಾರಣೆ ಕೈಪಿಡಿ

ಧಾರವಾಡದ ಸಪ್ತಾಪುರದಲ್ಲಿ ಸಂಜೆ ಹೊತ್ತು ಪಿಯುಸಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ವರ್ಷಕ್ಕೊಂದು ವಾರ ನನ್ನ ಬೋರ್ಡಿನ ತುಂಬ ಬರೀ ಸಮಿತಿಗಳು. ಹೊರಗೆ ಜಿಟಿಜಿಟಿ ಮಳೆ, ಒಳಗೆ ಗ್ಯಾದರಿಂಗ್ ಸಮಿತಿಗೆ ಯಾರನ್ನು ಆರಿಸಬೇಕು ಅನ್ನುವ ಲೆಕ್ಕ. ಹೋದ ಸಲ ಹಿಂದಿನ ಬೆಂಚಿನ ಹುಡುಗನೊಬ್ಬ ಕೂತಲ್ಲಿಂದಲೇ ಕೂಗಿದ.

"ಸರ್ರ, ನಂದು ಒಂದೂವರೆಕ್ಕಿಂತ ಜಾಸ್ತಿ ಬಂದೈತ್ರಿ. ಸಂಭವನೀಯತೆ ಅಷ್ಟು ಬರತೈತೇನ್ರಿ?"

"ಬರಂಗಿಲ್ಲೋ. ಆದ್ರ ಅಳಸಬ್ಯಾಡ, ಹಂಗ ತಗೊಂಡ್ ಬಾ."

ಅಳಿಸಬೇಡ ಅಂದದ್ದಕ್ಕೆ ಕಾರಣ ಇದೆ. ಸಮಿತಿ ಲೆಕ್ಕದಲ್ಲಿ ಬರುವ ತಪ್ಪು ಸಂಖ್ಯೆ ಎಷ್ಟೋ ಸಲ ಬೇರೊಂದು ಪ್ರಶ್ನೆಗೆ ಸರಿಯಾದ ಉತ್ತರವಾಗಿರುತ್ತದೆ. ಅದು ಯಾವ ಪ್ರಶ್ನೆ ಅಂತ ಗೊತ್ತಾದರೆ ಎಲ್ಲಿ ಎಡವಿದ್ದೇವೆ ಅನ್ನುವುದೂ ಗೊತ್ತಾಗುತ್ತದೆ. ಅಳಿಸಿಬಿಟ್ಟರೆ ಆ ಸುಳಿವೇ ಹೋಗುತ್ತದೆ. ಹಾಗಾಗಿ ಇಲ್ಲಿ ಲಕ್ಷಣದಿಂದ ಹಿಂದಕ್ಕೆ ಹೋಗೋಣ: ಇಂಥ ಉತ್ತರ ಬಂದರೆ ಏನು ಆಗಿದೆ, ಯಾವುದನ್ನು ಮೊದಲು ನೋಡಬೇಕು, ಯಾವಾಗ ಪೆನ್ನು ಕೆಳಗಿಡಬೇಕು.

ಎಲ್ಲ ಕಡೆ ಒಂದೇ ತರಗತಿ ಇಟ್ಟುಕೊಳ್ಳುತ್ತೇನೆ. 12 ಮಕ್ಕಳು. ರೋಲ್ ನಂಬರ್ 1ರಿಂದ 5 ಹುಡುಗಿಯರು, 6ರಿಂದ 12 ಹುಡುಗರು. ಇವರಲ್ಲಿ 4 ಜನರ ಸಮಿತಿಯನ್ನು ಯಾದೃಚ್ಛಿಕವಾಗಿ, ಅಂದರೆ ಯಾರ ಮುಖವನ್ನೂ ನೋಡದೆ, ಆರಿಸಬೇಕು.

ಏನೇ ಲಕ್ಷಣ ಇರಲಿ, ಮೊದಲು ಇಷ್ಟು ನೋಡಿ

ಮೊದಲು ಛೇದ ಸರಿ ಇದೆಯಾ ನೋಡಿ. 12ರಲ್ಲಿ 4 ಜನರನ್ನು ಆರಿಸುವ ವಿಧಾನಗಳು ¹²C₄ = 495. ಇದನ್ನು ಫ್ಯಾಕ್ಟೋರಿಯಲ್ ಹಾಕಿ ಮಾಡಲು ಹೋಗಬೇಡಿ. 12! ಅಂದರೆ 47,90,01,600. ಇದು ಇನ್ನೂ ಸಣ್ಣ ಕ್ಯಾಲ್ಕುಲೇಟರಿನಲ್ಲಿ ಹಿಡಿಯುತ್ತದೆ, ಆದರೆ 14! ಬಂತೆಂದರೆ 10 ಅಂಕಿಯ ಪರದೆ ಕೈ ಎತ್ತುತ್ತದೆ. ಪರೀಕ್ಷೆಯಲ್ಲಿ ಕ್ಯಾಲ್ಕುಲೇಟರ್ ಹೇಗೂ ಇರುವುದಿಲ್ಲ. ಮೇಲಿನಿಂದ ಇಳಿಯುತ್ತ ನಾಲ್ಕು ಸಂಖ್ಯೆ, ಕೆಳಗಿನಿಂದ ಏರುತ್ತ ನಾಲ್ಕು ಸಂಖ್ಯೆ ಬರೆಯಿರಿ:

(12 × 11 × 10 × 9) ÷ (1 × 2 × 3 × 4) = 11880 ÷ 24 = 495

ಇದು ಹೊಸ ಉಪಾಯ ಏನೂ ಅಲ್ಲ. 9ನೇ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯರು ವಿಕಲ್ಪ ಎಣಿಸಲು ಹೇಳಿದ ನಿಯಮ ಹೆಚ್ಚುಕಡಿಮೆ ಇದೇ: ಒಂದು ಸಾಲು ಏರಿಸು, ಒಂದು ಸಾಲು ಇಳಿಸು, ಗುಣಿಸಿ ಭಾಗಿಸು.

ಎರಡನೆಯದಾಗಿ, ಲೆಕ್ಕ ಶುರು ಮಾಡುವ ಮೊದಲೇ ಒಂದು ಅಂದಾಜು ಹಾಕಿಕೊಳ್ಳಿ. 12ರಲ್ಲಿ 5 ಜನ ಹುಡುಗಿಯರು. ಹಾಗಾದರೆ 4 ಜನರ ಸಮಿತಿಯಲ್ಲಿ ಸರಾಸರಿ 4 × 5/12, ಅಂದರೆ ಒಂದೂವರೆಗಿಂತ ಸ್ವಲ್ಪ ಜಾಸ್ತಿ ಹುಡುಗಿಯರು ಇರುತ್ತಾರೆ. "ಕನಿಷ್ಠ ಇಬ್ಬರು ಹುಡುಗಿಯರು" ಅಂತ ಕೇಳಿದರೆ ಉತ್ತರ ಅರ್ಧದ ಆಸುಪಾಸು ಇರಬೇಕು. 0.02 ಬಂದರೂ 0.9 ಬಂದರೂ ಏನೋ ಎಡವಟ್ಟಾಗಿದೆ. ಈ ಅಂದಾಜಿಗೆ ಹತ್ತು ಸೆಕೆಂಡ್ ಸಾಕು, ಆದರೆ ನನ್ನ ಮಕ್ಕಳಲ್ಲಿ ಮುಕ್ಕಾಲು ಪಾಲು ಇದನ್ನು ಮಾಡುವುದೇ ಇಲ್ಲ.

ಲಕ್ಷಣ: ಉತ್ತರ ಒಂದಕ್ಕಿಂತ ಜಾಸ್ತಿ ಬಂದಿದೆ

ಆ ಹುಡುಗನ ನೋಟ್‌ಬುಕ್ಕಿಗೆ ಬರೋಣ. ಪ್ರಶ್ನೆ: ಸಮಿತಿಯಲ್ಲಿ ಕನಿಷ್ಠ ಒಬ್ಬ ಹುಡುಗಿ ಇರುವ ಸಂಭವನೀಯತೆ ಎಷ್ಟು? ಅವನು ಹೀಗೆ ಯೋಚಿಸಿದ್ದ. ಮೊದಲು ಒಬ್ಬ ಹುಡುಗಿಯನ್ನು ತೆಗೆದಿಟ್ಟುಕೊಳ್ಳೋಣ, 5 ವಿಧ. ಈಗ ಶರತ್ತು ಮುಗಿಯಿತು. ಉಳಿದ 11 ಜನರಲ್ಲಿ ಯಾರನ್ನಾದರೂ 3 ಜನ ಆರಿಸೋಣ, ¹¹C₃ = 165. ಒಟ್ಟು 5 × 165 = 825. ಆಮೇಲೆ 825/495, ಅಂದರೆ 1.67.

ಓದಿದರೆ ಎಷ್ಟು ಸರಿ ಅನ್ನಿಸುತ್ತದೆ ಅಲ್ವಾ? ಆದರೆ ಒಟ್ಟು ಇರುವುದೇ 495 ಸಮಿತಿ. 825 ಎಲ್ಲಿಂದ ಬಂತು? ಒಂದೇ ಸಮಿತಿಯನ್ನು ಹಲವು ಸಲ ಎಣಿಸಿದ್ದಕ್ಕೆ ಬಂತು.

ಒಂದು ಸಮಿತಿ ಕೈಗೆ ತಗೊಳ್ಳೋಣ: ರೋಲ್ ನಂಬರ್ 1, 2, 8, 11. ಇದರಲ್ಲಿ ಇಬ್ಬರು ಹುಡುಗಿಯರು. ಅವನ ವಿಧಾನದಲ್ಲಿ 1ನ್ನು ಮೊದಲು ತೆಗೆದು ಆಮೇಲೆ 2, 8, 11 ಆರಿಸಿದರೂ ಇದೇ ಸಮಿತಿ. 2ನ್ನು ಮೊದಲು ತೆಗೆದು ಆಮೇಲೆ 1, 8, 11 ಆರಿಸಿದರೂ ಇದೇ ಸಮಿತಿ. ಎರಡು ಸಲ ಎಣಿಕೆಯಾಯಿತು. ಮೂರು ಹುಡುಗಿಯರಿದ್ದರೆ ಮೂರು ಸಲ, ನಾಲ್ವರಿದ್ದರೆ ನಾಲ್ಕು ಸಲ.

ನಿಜವಾಗಿ ಎಷ್ಟೆಷ್ಟು ಸಮಿತಿಗಳಿವೆ ಅಂತ ಬಿಡಿಸಿ ಬರೆದರೆ ಹೀಗಿದೆ. ಹುಡುಗಿಯರೇ ಇಲ್ಲದವು ⁷C₄ = 35. ಒಬ್ಬಳಿರುವವು 5 × 35 = 175. ಇಬ್ಬರಿರುವವು 10 × 21 = 210. ಮೂವರಿರುವವು 10 × 7 = 70. ನಾಲ್ವರಿರುವವು 5. ಕೂಡಿಸಿ ನೋಡಿ, 495 ಬರಬೇಕು, ಬರುತ್ತದೆ. ಈ ಐದು ಸಂಖ್ಯೆಗಳನ್ನು ಪುಟದ ಮೂಲೆಯಲ್ಲಿ ಬರೆದಿಟ್ಟುಕೊಳ್ಳಿ, ಮುಂದೆ ಪದೇ ಪದೇ ಬೇಕಾಗುತ್ತವೆ.

ಈಗ ಅವನ ಎಣಿಕೆ: 175 × 1 + 210 × 2 + 70 × 3 + 5 × 4 = 175 + 420 + 210 + 20 = 825. ಒಂದೂ ಆಚೀಚೆ ಆಗಲಿಲ್ಲ.

ಹಾಗಾದರೆ 825 ಯಾವ ಪ್ರಶ್ನೆಗೆ ಉತ್ತರ? ಒಬ್ಬ ಹುಡುಗಿಯನ್ನು ಅಧ್ಯಕ್ಷೆಯಾಗಿ ಮಾಡಿ, ಉಳಿದ ಮೂರು ಜಾಗಕ್ಕೆ ಸಾದಾ ಸದಸ್ಯರನ್ನು ಆರಿಸುವುದು ಎಷ್ಟು ವಿಧ ಅಂತ ಕೇಳಿದರೆ ಉತ್ತರ ನಿಖರವಾಗಿ 825. ಅಂದರೆ ಹುಡುಗ ತನಗೇ ಗೊತ್ತಿಲ್ಲದೆ ಒಬ್ಬಳನ್ನು ಕುರ್ಚಿ ಮೇಲೆ ಕೂರಿಸಿದ್ದ! "ಮೊದಲು ತೆಗೆದಿಟ್ಟ" ಹುಡುಗಿಗೆ ಒಂದು ವಿಶೇಷ ಸ್ಥಾನ ಸಿಕ್ಕಿಬಿಟ್ಟಿದೆ. ಪ್ರಶ್ನೆಯಲ್ಲಿ ಅಂಥ ಸ್ಥಾನ ಇಲ್ಲ.

ರಿಪೇರಿ ಸುಲಭ. "ಕನಿಷ್ಠ ಒಬ್ಬ" ಅಂದರೆ "ಒಬ್ಬಳೂ ಇಲ್ಲ" ಅನ್ನುವುದರ ಎದುರು. 495 − 35 = 460. ಸಂಭವನೀಯತೆ 460/495 = 92/99, ಸುಮಾರು 0.93.

ಲಕ್ಷಣ: ಉತ್ತರ ಒಂದರೊಳಗೇ ಇದೆ, ಆದರೆ ಯಾಕೋ ದೊಡ್ಡದಾಯಿತು ಅನ್ನಿಸುತ್ತದೆ

ಇದು ಅದೇ ಕಾಯಿಲೆ, ಜ್ವರ ಮಾತ್ರ ಇಲ್ಲ. ಅದಕ್ಕೇ ಜಾಸ್ತಿ ಅಪಾಯ. ಮೇಲಿನ ಹುಡುಗನಿಗೆ ಉತ್ತರವೇ ಒದರಿ ಹೇಳಿತು. ಇಲ್ಲಿ ಉತ್ತರ ಸುಮ್ನೆ ಕೂತಿರುತ್ತದೆ.

ಪ್ರಶ್ನೆ ಸ್ವಲ್ಪ ಬದಲಿಸೋಣ: ಕನಿಷ್ಠ ಇಬ್ಬರು ಹುಡುಗಿಯರು ಇರುವ ಸಂಭವನೀಯತೆ ಎಷ್ಟು? ಅದೇ ದಾರಿಯಲ್ಲಿ ಹೋದರೆ, ಇಬ್ಬರು ಹುಡುಗಿಯರನ್ನು ಮೊದಲು ತೆಗೆ, ⁵C₂ = 10. ಉಳಿದ 10 ಜನರಲ್ಲಿ ಇಬ್ಬರನ್ನು ತೆಗೆ, ¹⁰C₂ = 45. ಗುಣಿಸಿದರೆ 450. ಸಂಭವನೀಯತೆ 450/495 = 10/11. ಭಿನ್ನರಾಶಿ ಎಷ್ಟು ಅಂದವಾಗಿದೆ ನೋಡಿ! ಬಹು ಆಯ್ಕೆಯ ಪ್ರಶ್ನೆಯಲ್ಲಿ ನಾಲ್ಕು ಉತ್ತರಗಳ ನಡುವೆ 10/11 ಇದ್ದರೆ ಗುರುತು ಹಾಕಿ ಮುಂದೆ ಹೋಗುತ್ತೀರಿ. ಪ್ರಶ್ನೆಪತ್ರಿಕೆ ಮಾಡುವವರಿಗೂ ಈ ತಪ್ಪು ಗೊತ್ತು, ಬೇಕಂತಲೇ ಅದನ್ನು ಒಂದು ಆಯ್ಕೆಯಾಗಿ ಇಡುತ್ತಾರೆ. ನಿಮ್ಮ ಉತ್ತರ ಆಯ್ಕೆಗಳಲ್ಲಿ ಸಿಕ್ಕಿತು ಅಂದ ಮಾತ್ರಕ್ಕೆ ಅದು ಸರಿ ಅಂತ ನಂಬಬೇಡಿ. ಈ ತಪ್ಪನ್ನು ಒಮ್ಮೆ ನಾನೇ ಬೋರ್ಡಿನ ಮೇಲೆ ಮಾಡಿದ್ದೇನೆ. ಮಾಡಿ, ಮೇಲಿಂದ ಡಬ್ಬಿ ಹಾಕಿ, ಅಡಿಗೆರೆಯನ್ನೂ ಎಳೆದಿದ್ದೆ. ಮುಂದಿನ ಸಾಲಿನ ಹುಡುಗಿ ಮೆಲ್ಲಗೆ, "ಸರ್ರ, ನಂದು 285 ಬಂತ್ರಿ," ಅಂದಳು.

ಅವಳದೇ ಸರಿ. ಮೂಲೆಯಲ್ಲಿ ಬರೆದಿಟ್ಟ ಸಂಖ್ಯೆಗಳನ್ನು ನೋಡಿ: 210 + 70 + 5 = 285. ಸಂಭವನೀಯತೆ 285/495 = 19/33, ಸುಮಾರು 0.58. ಮೊದಲು ಹಾಕಿದ ಅಂದಾಜಿಗೂ ಇದು ಹೊಂದುತ್ತದೆ.

450 ಹೇಗೆ ಉಬ್ಬಿತು ಅಂತ ನೋಡೋಣ. ಇಬ್ಬರೇ ಹುಡುಗಿಯರಿರುವ ಸಮಿತಿ ಒಂದು ಸಲ ಎಣಿಕೆಯಾಗುತ್ತದೆ. ಮೂವರಿದ್ದರೆ "ಮೊದಲು ತೆಗೆದ ಇಬ್ಬರು" ಯಾರು ಅನ್ನುವುದಕ್ಕೆ ³C₂ = 3 ಸಾಧ್ಯತೆ. ನಾಲ್ವರಿದ್ದರೆ ⁴C₂ = 6. ಹಾಗಾಗಿ 210 × 1 + 70 × 3 + 5 × 6 = 450.

ನಾನು ಮಕ್ಕಳಿಗೆ ಹೇಳುವ ಪರೀಕ್ಷೆ ಇಷ್ಟೇ. ನಿಮ್ಮ ವಿಧಾನದಿಂದ ಬಂದ ಒಂದು ಸಮಿತಿಯನ್ನು ಬೇರೆಯವರ ಕೈಗೆ ಕೊಡಿ. ಬರೀ ನಾಲ್ಕು ರೋಲ್ ನಂಬರ್, ಬೇರೇನೂ ಬರೆದಿರಬಾರದು. ಅದನ್ನು ನೋಡಿ ನೀವು ಯಾವ ಹೆಜ್ಜೆಯಲ್ಲಿ ಯಾರನ್ನು ಆರಿಸಿದಿರಿ ಅಂತ ಅವರು ಹೇಳಬಲ್ಲರೇ? 1, 2, 5, 9 ಅಂತ ಕೊಟ್ಟರೆ, ಮೊದಲ ಹೆಜ್ಜೆಯಲ್ಲಿ ತೆಗೆದ ಹುಡುಗಿಯರು 1 ಮತ್ತು 2 ಇರಬಹುದು, 1 ಮತ್ತು 5 ಇರಬಹುದು, 2 ಮತ್ತು 5 ಇರಬಹುದು. ಹೇಳಲು ಆಗುವುದಿಲ್ಲ. ಹಾಗಿದ್ದರೆ ಒಂದೇ ಸಮಿತಿ ಹಲವು ಸಲ ಎಣಿಕೆಯಾಗಿದೆ ಅಂತಲೇ ಅರ್ಥ. "ಸರಿಯಾಗಿ ಇಬ್ಬರು ಹುಡುಗಿಯರು, ಇಬ್ಬರು ಹುಡುಗರು" ಅನ್ನುವ ಲೆಕ್ಕದಲ್ಲಿ ಈ ತೊಂದರೆ ಇಲ್ಲ. 1, 2, 8, 11 ನೋಡಿದ ಕೂಡಲೇ ಹುಡುಗಿಯರ ಹೆಜ್ಜೆಯಲ್ಲಿ 1, 2 ಬಂದರು, ಹುಡುಗರ ಹೆಜ್ಜೆಯಲ್ಲಿ 8, 11 ಬಂದರು ಅಂತ ಯಾರಾದರೂ ಹೇಳುತ್ತಾರೆ.

ಇನ್ನೊಂದು ಸಣ್ಣ ಎಚ್ಚರಿಕೆ. "ಕನಿಷ್ಠ ಇಬ್ಬರು" ಅನ್ನುವುದರ ಎದುರು "ಯಾರೂ ಇಲ್ಲ ಅಥವಾ ಒಬ್ಬಳೇ" ಅಂತ. 495ರಲ್ಲಿ 35 ಮಾತ್ರ ಕಳೆದು 460 ಅಂತ ಬರೆದರೆ 175 ಉಳಿದುಬಿಟ್ಟಿದೆ. ಎರಡನ್ನೂ ಕಳೆಯಬೇಕು: 495 − 35 − 175 = 285.

ಲಕ್ಷಣ: ಗೆಳೆಯನ ಉತ್ತರಕ್ಕೂ ನನ್ನದಕ್ಕೂ 24 ಪಟ್ಟು, 6 ಪಟ್ಟು ಅಥವಾ 2 ಪಟ್ಟು ವ್ಯತ್ಯಾಸ

ಎರಡು ಉತ್ತರ ಹೊಂದದಿದ್ದರೆ ಒಂದನ್ನು ಇನ್ನೊಂದರಿಂದ ಭಾಗಿಸಿ. ಕಳೆಯಬೇಡಿ, ಭಾಗಿಸಿ. ಭಾಗಲಬ್ಧ ಪೂರ್ಣ ಸಂಖ್ಯೆ ಬಂದರೆ ರೋಗದ ಹೆಸರೇ ಸಿಕ್ಕಿತು.

ಪ್ರಶ್ನೆ: ಸರಿಯಾಗಿ ಇಬ್ಬರು ಹುಡುಗಿಯರು ಇರುವ ಸಂಭವನೀಯತೆ. ಸರಿ ಉತ್ತರ 210/495 = 14/33, ಸುಮಾರು 0.42.

24 ಪಟ್ಟು ವ್ಯತ್ಯಾಸ ಇದ್ದರೆ, ಅಂಶದಲ್ಲಿ ವಿಕಲ್ಪ, ಛೇದದಲ್ಲಿ ಕ್ರಮಯೋಜನೆ ಹಾಕಿದ್ದೀರಿ: 210/11880, ಅಂದರೆ 0.018 ಮಾತ್ರ. 24 ಅಂದರೆ 4!, ನಾಲ್ಕು ಜನರನ್ನು ಸಾಲಾಗಿ ನಿಲ್ಲಿಸುವ ವಿಧಾನಗಳು. ಮೇಲೆ ಸಮಿತಿ ಎಣಿಸಿ, ಕೆಳಗೆ ಸಾಲು ಎಣಿಸಿದಂತಾಯಿತು. ಸಂತೆಯಲ್ಲಿ ಕೊಳ್ಳುವಾಗ ಸೇರಿನ ಅಳತೆ, ಮಾರುವಾಗ ಕಿಲೋ ಅಳತೆ ಹಿಡಿದಂತೆ.

6 ಪಟ್ಟು ವ್ಯತ್ಯಾಸ ಸ್ವಲ್ಪ ಒಳಗಿನ ರೋಗ. ಈ ಹುಡುಗ ಹುಷಾರಿದ್ದಾನೆ, ಮೇಲೆ ಕೆಳಗೆ ಎರಡೂ ಕಡೆ ಕ್ರಮಯೋಜನೆಯನ್ನೇ ಹಾಕಿದ್ದಾನೆ. ⁵P₂ × ⁷P₂ = 20 × 42 = 840. ಛೇದ 11880. ಉತ್ತರ 0.07. ಎರಡೂ ಕಡೆ ಒಂದೇ ಅಳತೆ ಇದೆಯಲ್ಲ, ಮತ್ತೆ ಯಾಕೆ ತಪ್ಪಾಯಿತು? ಛೇದದಲ್ಲಿ ನಾಲ್ಕು ಜನ ಯಾವ ಕ್ರಮದಲ್ಲಾದರೂ ಬರಬಹುದು: ಹುಡುಗಿ-ಹುಡುಗ-ಹುಡುಗ-ಹುಡುಗಿ ಕೂಡ ಒಂದು ಸಾಲು. ಅಂಶದ 840ರಲ್ಲಿ ಮಾತ್ರ ಮೊದಲೆರಡು ಜಾಗ ಹುಡುಗಿಯರಿಗೆ, ಕೊನೆಯೆರಡು ಹುಡುಗರಿಗೆ ಅಂತ ಮೊದಲೇ ಟವೆಲ್ ಹಾಸಿಟ್ಟಂತಾಗಿದೆ. ನಾಲ್ಕು ಜಾಗಗಳಲ್ಲಿ ಹುಡುಗಿಯರ ಎರಡು ಜಾಗ ಯಾವುವು ಅಂತ ಆರಿಸಲು ⁴C₂ = 6 ವಿಧ. ಅದನ್ನು ಗುಣಿಸಿದರೆ 840 × 6 = 5040. ಈಗ 5040/11880 = 14/33. ಸರಿಯಾಯಿತು.

ಇದರಿಂದ ಒಂದು ಮಾತು ಗೊತ್ತಾಗುತ್ತದೆ. ಸಂಭವನೀಯತೆ ಕೇಳಿದಾಗ ಕ್ರಮಯೋಜನೆ ಹಾಕಿದರೂ ಸರಿ, ವಿಕಲ್ಪ ಹಾಕಿದರೂ ಸರಿ. ಮೇಲೂ ಕೆಳಗೂ ಒಂದೇ ರೀತಿ ಎಣಿಸಿರಬೇಕು, ಯಾವ ಸಾಲನ್ನೂ ಬಿಟ್ಟಿರಬಾರದು. "ಎಷ್ಟು ವಿಧ" ಅಂತ ಕೇಳಿದಾಗ ಮಾತ್ರ ಇವೆರಡರಲ್ಲಿ ಯಾವುದು ಅಂತ ತೀರ್ಮಾನಿಸಲೇಬೇಕು. ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಅಂತ ಬೇರೆ ಬೇರೆ ಹುದ್ದೆ ಇದ್ದರೆ 12 × 11 × 10 = 1320. ಬರೀ ಮೂರು ಸದಸ್ಯರಾದರೆ 220. ಹುದ್ದೆ ಅದಲುಬದಲು ಮಾಡಿದರೆ ಮನೆಯಲ್ಲಿ ಜಗಳ ಆಗುತ್ತದಾ ಅಂತ ಕೇಳಿಕೊಳ್ಳಿ. ಆಗುತ್ತದೆ ಅಂದರೆ ಕ್ರಮಯೋಜನೆ.

2 ಪಟ್ಟು ವ್ಯತ್ಯಾಸ ಸಾಮಾನ್ಯವಾಗಿ ತರಗತಿಯನ್ನು ಎರಡು ಸಮ ಗುಂಪು ಮಾಡಿದಾಗ ಬರುತ್ತದೆ. 12 ಜನರನ್ನು 6-6 ಮಾಡಿದರೆ 924 ವಿಧವೋ 462 ವಿಧವೋ? ಒಂದು ಗುಂಪು ಸ್ವಾಗತಕ್ಕೆ, ಇನ್ನೊಂದು ಊಟಕ್ಕೆ ಅಂತ ಹೆಸರಿದ್ದರೆ 924. ಸುಮ್ನೆ ಎರಡು ಗುಂಪು ಅಂದರೆ 462. ರೋಲ್ ನಂಬರ್ 1 ಮತ್ತು 2 ಒಂದೇ ಗುಂಪಿನಲ್ಲಿರುವ ಸಂಭವನೀಯತೆ ಕೇಳಿದರೆ, ಹೆಸರಿಟ್ಟು 420/924, ಹೆಸರಿಡದೆ 210/462. ಎರಡೂ 5/11. ಒಂದರ ಅಂಶಕ್ಕೆ ಇನ್ನೊಂದರ ಛೇದ ಹಾಕಿದರೆ ಉತ್ತರ ದುಪ್ಪಟ್ಟು ಅಥವಾ ಅರ್ಧ.

ಲಕ್ಷಣ: ಹೆಜ್ಜೆ ಎಲ್ಲ ಸರಿ, ಆದರೂ ಪುಸ್ತಕದ ಉತ್ತರ ಬರುತ್ತಿಲ್ಲ

ಇಲ್ಲಿ ಗಣಿತ ಬಿಟ್ಟು ಕನ್ನಡ ಓದಿ. "ರೋಲ್ ನಂಬರ್ 3 ಮತ್ತು 8 ಇಬ್ಬರೂ ಒಟ್ಟಿಗೆ ಇರಬಾರದು" ಅಂದರೆ ಒಬ್ಬರು ಇರಬಹುದು, ಜೊತೆಗೆ ಇರಬಾರದು, ಅಷ್ಟೇ. "ಇಬ್ಬರೂ ಇರಬಾರದು" ಅಂದರೆ ಒಬ್ಬರೂ ಬೇಡ ಅಂತ ಸಾಮಾನ್ಯವಾಗಿ ಓದುತ್ತೇವೆ. ನಡುವೆ "ಒಟ್ಟಿಗೆ" ಅನ್ನುವ ಒಂದು ಪದ ಮಾತ್ರ.

ಮೊದಲನೆಯದಕ್ಕೆ: ಇಬ್ಬರೂ ಇರುವ ಸಮಿತಿಗಳು ¹⁰C₂ = 45. ಕಳೆದರೆ 450. ಸಂಭವನೀಯತೆ 10/11. ಹೌದು, ಮೇಲೆ ತಪ್ಪು ಅಂದ ಅದೇ 450, ಅದೇ 10/11. ಈ ಸಲ ಸರಿ. ಸಂಖ್ಯೆಯ ಮುಖ ನೋಡಿ ತೀರ್ಪು ಕೊಡಬಾರದು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಎರಡನೆಯದಕ್ಕೆ: ಉಳಿದ 10 ಜನರಲ್ಲೇ ನಾಲ್ವರು, ¹⁰C₄ = 210. ಸಂಭವನೀಯತೆ 14/33.

ಲಕ್ಷಣ: ಉತ್ತರ ಹತ್ತಿರ ಹತ್ತಿರ ಬರುತ್ತದೆ, ಸರಿಯಾಗಿ ಬರುವುದಿಲ್ಲ

ಒಬ್ಬಳು ಹುಡುಗಿ ಬಹಳ ಚುಟುಕಾಗಿ ಲೆಕ್ಕ ಮುಗಿಸಿದ್ದಳು. ಸಮಿತಿಯಲ್ಲಿ ಹುಡುಗಿಯರು 0, 1, 2, 3 ಅಥವಾ 4 ಇರಬಹುದು. ಐದು ಸಾಧ್ಯತೆ. ಕನಿಷ್ಠ ಇಬ್ಬರು ಅಂದರೆ ಮೂರು ಸಾಧ್ಯತೆ. ಉತ್ತರ 3/5.

ಸರಿ ಉತ್ತರ 0.58, ಇವಳದು 0.6. ಅಂದಾಜಿನ ಪರೀಕ್ಷೆಯಲ್ಲೂ ಪಾಸಾಗುತ್ತದೆ. ಇಂಥ ತಪ್ಪು ಹಿಡಿಯಲು ಅದೇ ವಿಧಾನವನ್ನು ತುದಿಗೆ ಒಯ್ದು ನೋಡಬೇಕು. "ನಾಲ್ವರೂ ಹುಡುಗಿಯರೇ" ಅನ್ನುವ ಸಂಭವನೀಯತೆ ಅವಳ ಪ್ರಕಾರ 1/5. ನಿಜಕ್ಕೂ 5/495, ಅಂದರೆ 1/99. ಐದು ಸಲಕ್ಕೊಮ್ಮೆ ಎಲ್ಲಿ, ತೊಂಬತ್ತೊಂಬತ್ತು ಸಲಕ್ಕೊಮ್ಮೆ ಎಲ್ಲಿ!

ಅವಳ ಐದು ಸಾಧ್ಯತೆಗಳು ಐದು ಚೀಲಗಳಿದ್ದಂತೆ. ಒಂದರಲ್ಲಿ 210 ಸಮಿತಿ, ಒಂದರಲ್ಲಿ ಬರೀ 5. ಸಮಾನ ಅವಕಾಶ ಇರುವುದು ಒಂದೊಂದು ಸಮಿತಿಗೆ, ಒಂದೊಂದು ಚೀಲಕ್ಕಲ್ಲ. ಅಂಶವನ್ನು ಛೇದದಿಂದ ಭಾಗಿಸುವ ಸೂತ್ರ ನಿಂತಿರುವುದೇ ಪ್ರತಿಯೊಂದಕ್ಕೂ ಸಮಾನ ಅವಕಾಶ ಇದೆ ಅನ್ನುವುದರ ಮೇಲೆ.

ಇನ್ನೂ ಸಿಗದಿದ್ದರೆ: ತರಗತಿಯನ್ನು ಚಿಕ್ಕದು ಮಾಡಿ

ಇದು ಸ್ವಲ್ಪ ಸಮಯ ತಿನ್ನುತ್ತದೆ, ಆದರೆ ಸುಳ್ಳು ಹೇಳುವುದಿಲ್ಲ. 12 ಜನ ಬೇಡ, 4 ಜನ ಸಾಕು. 1, 2 ಹುಡುಗಿಯರು. 3, 4 ಹುಡುಗರು. ಇಬ್ಬರ ಸಮಿತಿ. ಎಲ್ಲವನ್ನೂ ಬರೆದುಬಿಡಿ: 1-2, 1-3, 1-4, 2-3, 2-4, 3-4. ಒಟ್ಟು ಆರು. ಕನಿಷ್ಠ ಒಬ್ಬ ಹುಡುಗಿ ಇರುವವು ಐದು, 3-4 ಒಂದು ಬಿಟ್ಟು.

ಈಗ "ಮೊದಲು ಒಬ್ಬಳನ್ನು ತೆಗೆದಿಡುವ" ವಿಧಾನ ಹಾಕಿ: 2 × 3 = 6. ಆರಕ್ಕೆ ಆರು, ಸಂಭವನೀಯತೆ 1. ಅಂದರೆ ಹುಡುಗಿ ಇಲ್ಲದ ಸಮಿತಿ ಆಗುವುದೇ ಇಲ್ಲ ಅಂತಾಯಿತು. ಆದರೆ 3-4 ಕಣ್ಣೆದುರೇ ಇದೆಯಲ್ಲ! 1-2 ಎರಡು ಸಲ ಬಂದದ್ದು ಬೆರಳಿಟ್ಟು ತೋರಿಸುವಷ್ಟು ಸ್ಪಷ್ಟ. ನಿಮಗೆ ಅನುಮಾನ ಇರುವ ಯಾವ ವಿಧಾನವನ್ನಾದರೂ ಈ ನಾಲ್ಕು ಜನರ ಮೇಲೆ ಓಡಿಸಿ. ಇಲ್ಲಿ ಮುಗ್ಗರಿಸಿದರೆ 12 ಜನರಲ್ಲೂ ಮುಗ್ಗರಿಸುತ್ತದೆ. ಇಲ್ಲಿ ಪಾಸಾದ ಮಾತ್ರಕ್ಕೆ ಪೂರ್ತಿ ನಿಶ್ಚಿಂತೆ ಅಂತಲ್ಲ, ಐದಾರು ಜನರ ಮೇಲೆ ಇನ್ನೊಮ್ಮೆ ನೋಡುವುದು ಒಳ್ಳೆಯದು.

ಮನೆಯಲ್ಲಿ ಕಂಪ್ಯೂಟರ್ ಇದ್ದರೆ 495 ಸಮಿತಿಗಳನ್ನೂ ಅದರಿಂದಲೇ ಬರೆಸಿ ಎಣಿಸಬಹುದು. ಪೈಥಾನ್‌ನಲ್ಲಿ ನಾಲ್ಕು ಸಾಲು:

```python
from itertools import combinations
s = list(combinations(range(1, 13), 4))
k = [c for c in s if sum(x <= 5 for x in c) >= 2]
print(len(s), len(k))
```

ಪರದೆ ಮೇಲೆ `495 285` ಬರುತ್ತದೆ. `combinations` ಇರುವ ಎರಡೂ ಕಡೆ `permutations` ಅಂತ ಬದಲಿಸಿ ನೋಡಿ. 11880 ಮತ್ತು 6840 ಬರುತ್ತದೆ. ಎರಡೂ 24 ಪಟ್ಟಾದವು, ಭಾಗಿಸಿದರೆ ಮತ್ತೆ ಅದೇ 19/33.

ಪರೀಕ್ಷಾ ಕೊಠಡಿಯಲ್ಲಿ ಎಚ್ಚರಿಕೆ

ತಪ್ಪು ಅಂತ ಅನುಮಾನ ಬಂದ ಕೂಡಲೇ ಇಡೀ ಪುಟಕ್ಕೆ ಅಡ್ಡಗೀಟು ಎಳೆಯಬೇಡಿ. ಛೇದ 495 ಅಂತ ಸರಿಯಾಗಿ ಬರೆದಿದ್ದರೆ ಆ ಹೆಜ್ಜೆಗೂ ಅಂಕ ಸಿಗಬಹುದು. ಹೊಸ ಲೆಕ್ಕ ಕೆಳಗೆ ಬರೆದು ಮುಗಿಸಿ, ಆಮೇಲೆ ಹಳೆಯ ಹೆಜ್ಜೆಯಲ್ಲಿ ತಪ್ಪಿದ್ದಷ್ಟನ್ನು ಹೊಡೆಯಿರಿ. ಭಿನ್ನರಾಶಿಯನ್ನು ಅವಸರದಲ್ಲಿ ಸಂಕ್ಷೇಪಿಸಲೂ ಬೇಡಿ. 19/33 ನೋಡಿದರೆ ಯಾವ ಎಣಿಕೆ ಎಷ್ಟಾಯಿತು ಅಂತ ತಿಳಿಯುವುದಿಲ್ಲ, 285/495 ನೋಡಿದರೆ ತಿಳಿಯುತ್ತದೆ. ಒಂದು ಲೆಕ್ಕಕ್ಕೆ ಎರಡು ಬೇರೆ ದಾರಿಯಲ್ಲಿ ಹೋಗಿ ಎರಡು ಬೇರೆ ಉತ್ತರ ಬಂತು, ಐದು ನಿಮಿಷ ಕಳೆಯಿತು ಅಂದರೆ ಅಲ್ಲಿಗೆ ಬಿಡಿ. ಮುಂದಿನ ಪ್ರಶ್ನೆಗೆ ಹೋಗಿ, ಸಮಯ ಉಳಿದರೆ ವಾಪಸ್ ಬನ್ನಿ.

ಯಾವಾಗ ನಿಲ್ಲಿಸಿ ಕೇಳಬೇಕು

ಮೇಲಿನದೆಲ್ಲ ಮಾಡಿದಿರಿ, ಚಿಕ್ಕ ತರಗತಿಯ ಪಟ್ಟಿಯೂ ನಿಮ್ಮ ವಿಧಾನವೇ ಸರಿ ಅನ್ನುತ್ತದೆ, ಆದರೂ ಪುಸ್ತಕದ ಉತ್ತರ ಬೇರೆ. ಒಮ್ಮೊಮ್ಮೆ ಪುಸ್ತಕದಲ್ಲೇ ಅಚ್ಚಿನ ತಪ್ಪಿರುತ್ತದೆ. ಆದರೆ ಅದಕ್ಕೂ ಮೊದಲು ಆಯ್ಕೆ ಹೇಗೆ ನಡೆಯಿತು ಅಂತ ನೋಡಬೇಕು. ಇದು ಎಣಿಕೆಯಿಂದ ಬಗೆಹರಿಯದ ದೋಷ.

ನಮ್ಮ ಕ್ಲಾಸಿನ ಗ್ಯಾದರಿಂಗ್ ಸಮಿತಿಯನ್ನು ಚೀಟಿ ಎತ್ತಿ ಮಾಡಿದ್ದೆವು. ಒಬ್ಬ ಹುಡುಗಿಯಾದರೂ ಇರಬೇಕು ಅಂತ ಮಕ್ಕಳೇ ನಿಯಮ ಮಾಡಿದ್ದರು. ಹಾಗಾಗಿ ಹುಡುಗಿಯರ ಐದು ಚೀಟಿ ಒಂದು ಡಬ್ಬಿಗೆ ಹಾಕಿ ಒಂದನ್ನು ಎತ್ತಿದೆವು. ಉಳಿದ ನಾಲ್ಕು ಚೀಟಿಯನ್ನು ಹುಡುಗರ ಏಳರ ಜೊತೆ ಕಲಸಿ ಮೂರು ಎತ್ತಿದೆವು. ಈಗ ಸಮಿತಿಯಲ್ಲಿ ಒಬ್ಬಳೇ ಹುಡುಗಿ ಇರುವ ಸಂಭವನೀಯತೆ ಎಷ್ಟು?

ಹುಡುಗಿ ಇರುವ ಸಮಿತಿಗಳು 460, ಅದರಲ್ಲಿ ಒಬ್ಬಳೇ ಇರುವವು 175. ಹಾಗಾಗಿ 175/460, ಸುಮಾರು 0.38 ಅಂತ ಬರೆಯಲು ಕೈ ಹೋಗುತ್ತದೆ. ಆದರೆ ನಾವು ಎತ್ತಿದ ರೀತಿಯಲ್ಲಿ 460 ಸಮಿತಿಗಳಿಗೂ ಸಮಾನ ಅವಕಾಶ ಇರಲಿಲ್ಲ. ನಾಲ್ವರೂ ಹುಡುಗಿಯರೇ ಆದ ಸಮಿತಿಗೆ ನಾಲ್ಕು ದಾರಿ ಇದ್ದವು, ಒಬ್ಬಳೇ ಇರುವ ಸಮಿತಿಗೆ ಒಂದೇ ದಾರಿ. ಇಲ್ಲಿ ಸಮಾನ ಅವಕಾಶ ಇರುವುದು ದಾರಿಗಳಿಗೆ, ಅವು 825. ಹಿಂದಿನ ಬೆಂಚಿನ ಹುಡುಗ ಬರೆದಿದ್ದ ಅದೇ 825. ಸರಿಯಾದ ಉತ್ತರ 175/825 = 7/33, ಸುಮಾರು 0.21.

"ಯಾದೃಚ್ಛಿಕವಾಗಿ ಆರಿಸಲಾಗಿದೆ" ಅಂತ ಒಂದು ಸಾಲು ಇದ್ದರೆ ಎಲ್ಲ ಸಮಿತಿಗೂ ಸಮಾನ ಅವಕಾಶ ಅಂತ ಹಿಡಿದು 495ರಿಂದ ಶುರು ಮಾಡಿ. ಆ ಸಾಲು ಇಲ್ಲದೆ, "ಮೊದಲು ಇವರನ್ನು, ಆಮೇಲೆ ಅವರನ್ನು" ಅಂತ ಕಥೆ ಇದ್ದರೆ ಎಣಿಕೆ ನಿಲ್ಲಿಸಿ. ಪ್ರಶ್ನೆ ಕೊಟ್ಟವರ ಹತ್ತಿರ ಹೋಗಿ, ಚೀಟಿ ಎಷ್ಟು ಡಬ್ಬಿಯಲ್ಲಿದ್ದವು ಅಂತ ಕೇಳಿ.